ಸಂದರ್ಶನಕ್ಕೆ ಒಪ್ಪಿ ಬರೆಯುವ ಉತ್ತರ: ಕಾಲೇಜು ಉಪನ್ಯಾಸಕ ಕೆಲಸಕ್ಕೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ಕೆಲಸ ಕೇಳಿಕೊಂಡು ಮೇಜಿನ ಈ ಕಡೆ ಕೂತಿದ್ದೇನೆ. ವಿಭಾಗದ ಪರವಾಗಿ ಆ ಕಡೆಯೂ ಕೂತಿದ್ದೇನೆ. ಮೇ, ಜೂನ್ ಬಂತೆಂದರೆ ಎಂ.ಎ. ಮುಗಿಸಿದ ಹಳೇ ವಿದ್ಯಾರ್ಥಿಗಳ ಫೋನ್ ಶುರುವಾಗುತ್ತದೆ. "ಮೇಡಂ, ಇಂಟರ್‌ವ್ಯೂಗೆ ಕರೆದಿದ್ದಾರೆ. ಬರ್ತೀನಿ ಅಂತ ಹೇಗೆ ಬರೀಲಿ? ಡೆಮೊ ಇರುತ್ತಾ ಅಂತ ಕೇಳಬಹುದಾ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಧ್ಯೆ ಮಧ್ಯೆ ಬರುವ ಹಾಸನದ ಹುಡುಗಿ ನನ್ನ ವಿದ್ಯಾರ್ಥಿನಿ. ಮೈಸೂರಿನ ಒಂದು ಖಾಸಗಿ ಕಾಲೇಜಿನ ಕನ್ನಡ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಿದ್ದಳು. ಇದೆಲ್ಲ ಖಾಸಗಿ ಕಾಲೇಜುಗಳ ಮಾತು. ಸರ್ಕಾರಿ ನೇಮಕಾತಿಯ ದಾರಿ ಬೇರೆ, ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಕರೆ ಬಂದ ಮೇಲೆ ಎಷ್ಟು ಹೊತ್ತಿನೊಳಗೆ ಉತ್ತರ ಬರೆಯಬೇಕು?

ಅದೇ ದಿನ ಬರೆಯಿರಿ. ಸಂಜೆ ತಡವಾಗಿ ಬಂದಿದ್ದರೆ ಮರುದಿನ ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಉತ್ತರ ಅಲ್ಲಿರಲಿ.

ಇದರ ಹಿಂದೆ ಒಂದು ಕಾರಣವಿದೆ. ಕಾಲೇಜಿನ ಆಫೀಸಿನಲ್ಲಿ ಒಬ್ಬರು ಪಟ್ಟಿ ಹಿಡಿದು ಕೂತಿರುತ್ತಾರೆ. ಹತ್ತು ಜನರನ್ನು ಕರೆದಿದ್ದರೆ ಎಷ್ಟು ಜನ ಬರುತ್ತಾರೆ ಅಂತ ಅವರಿಗೆ ಗೊತ್ತಾಗಬೇಕು. ಹೊರಗಿನಿಂದ ಬರುವ ವಿಷಯ ತಜ್ಞರಿಗೆ ಅರ್ಧ ದಿನ ಸಾಕೋ ಇಡೀ ದಿನ ಬೇಕೋ ಅನ್ನುವುದು ಆ ಲೆಕ್ಕದ ಮೇಲೆ ನಿಂತಿರುತ್ತದೆ. ಉತ್ತರ ಬರದವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಅವರ ಸಮಯ ಬೇರೆಯವರಿಗೆ ಹೋಗುವುದೂ ಉಂಟು.

ಹಾಸನದ ಹುಡುಗಿಗೆ ಶುಕ್ರವಾರ ಸಂಜೆ ನಾಲ್ಕಕ್ಕೆ ಮೇಲ್ ಬಂತು. ಸಂದರ್ಶನ ಮುಂದಿನ ಬುಧವಾರ, ಜೂನ್ 18, ಬೆಳಿಗ್ಗೆ 10.30ಕ್ಕೆ. ಮಧ್ಯೆ ಭಾನುವಾರ ಬೇರೆ. ಎಲ್ಲ ತಿಳಿದುಕೊಂಡು ಸೋಮವಾರ ನಿಧಾನವಾಗಿ ಬರೆಯುತ್ತೇನೆ ಅಂದಳು. ಬೇಡ, ಈಗಲೇ ಬರೆ ಅಂದೆ. ಶುಕ್ರವಾರ ಕೇಳಿದರೆ ಶನಿವಾರ ಉತ್ತರ ಬರಬಹುದು. ಸೋಮವಾರ ಕೇಳಿದರೆ ಮಂಗಳವಾರ ಬರುತ್ತದೆ. ಆಮೇಲೆ ತಯಾರಿಗೆ ಒಂದು ರಾತ್ರಿ ಮಾತ್ರ ಉಳಿಯುತ್ತದೆ.

ಒಪ್ಪಿಗೆ ಮೊದಲು ಬರೆಯಬೇಕಾ, ಪ್ರಶ್ನೆ ಮೊದಲಾ? ಒಂದು ಮಾದರಿ ಕೊಡಿ.

ಒಪ್ಪಿಗೆ ಮೊದಲು. ಅದೂ ಮೊದಲ ಎರಡು ಸಾಲಿನಲ್ಲೇ ಬರಬೇಕು. ಎಷ್ಟೋ ಜನ ಪ್ರಶ್ನೆಗಳನ್ನೇ ಬರೆದು "ತಿಳಿಸಿದರೆ ಬರಲು ಅನುಕೂಲ" ಅಂತ ಮುಗಿಸುತ್ತಾರೆ. ಓದುವವರಿಗೆ ಇವರು ಬರುತ್ತಾರೋ, ಉತ್ತರ ನೋಡಿ ಯೋಚನೆ ಮಾಡುತ್ತಾರೋ ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಗೇ ಉಳಿಯುತ್ತದೆ.

ಹುಡುಗಿ ಕಳಿಸಿದ್ದು ಇದು:

> ವಿಷಯ: ಕನ್ನಡ ಉಪನ್ಯಾಸಕ ಹುದ್ದೆ – ಜೂನ್ 18ರ ಸಂದರ್ಶನಕ್ಕೆ ಒಪ್ಪಿಗೆ
>
> ಮಾನ್ಯರೇ,
>
> ನಮಸ್ಕಾರ. ಕನ್ನಡ ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಕರೆದಿದ್ದಕ್ಕೆ ಧನ್ಯವಾದಗಳು. ಜೂನ್ 18, ಬುಧವಾರ ಬೆಳಿಗ್ಗೆ 10.30ಕ್ಕೆ ಕಾಲೇಜಿನ ಆಡಳಿತ ಕಚೇರಿಗೆ ಬರುತ್ತೇನೆ.
>
> ತಯಾರಿಗೆ ಅನುಕೂಲವಾಗಲೆಂದು ಮೂರು ವಿಷಯ ತಿಳಿದುಕೊಳ್ಳಬೇಕಿತ್ತು.
>
> 1. ಡೆಮೊ ಕ್ಲಾಸ್ ಇರುತ್ತದೆಯೇ? ಇದ್ದರೆ ಎಷ್ಟು ನಿಮಿಷ? ಪಾಠ ನೀವು ಕೊಡುತ್ತೀರೋ, ನಾನೇ ಆರಿಸಿಕೊಳ್ಳಬಹುದೋ?
>
> 2. ಸಂದರ್ಶನ ಸಮಿತಿಯಲ್ಲಿ ವಿಷಯ ತಜ್ಞರು ಇರುತ್ತಾರೆಯೇ?
>
> 3. ಮೂಲ ದಾಖಲೆಗಳ ಜೊತೆ ಎಷ್ಟು ಸೆಟ್ ಜೆರಾಕ್ಸ್ ತರಬೇಕು? ನನ್ನ ಎಂ.ಎ. ಘಟಿಕೋತ್ಸವ ಪ್ರಮಾಣಪತ್ರ ಇನ್ನೂ ಬಂದಿಲ್ಲ, ಪಿಡಿಸಿ ಇದೆ. ಅದು ಆಗುತ್ತದೆಯೇ?
>
> ಬಿಡುವಾದಾಗ ತಿಳಿಸಿದರೆ ಉಪಕಾರವಾಗುತ್ತದೆ.
>
> ವಂದನೆಗಳೊಂದಿಗೆ,
> ಹೆಸರು, ಮೊಬೈಲ್ ನಂಬರ್

ದಿನ, ವಾರ, ಸಮಯ, ಜಾಗ ನಾಲ್ಕನ್ನೂ ಅವಳು ತನ್ನ ಕೈಯಿಂದ ಮತ್ತೆ ಬರೆದಿದ್ದಾಳೆ. "ನೀವು ತಿಳಿಸಿದ ಸಮಯಕ್ಕೆ ಬರುತ್ತೇನೆ" ಅಂತ ಬರೆದರೆ ಸಾಲದು. ಕಾಲೇಜಿನವರೇ ತಾರೀಖು ಒಂದು, ವಾರ ಇನ್ನೊಂದು ಬರೆದಿರುವುದನ್ನು ಕಂಡಿದ್ದೇನೆ. ನಾಲ್ಕನ್ನೂ ಮತ್ತೆ ಬರೆಯುವಾಗ ಆ ತಪ್ಪು ಕಣ್ಣಿಗೆ ಬೀಳುತ್ತದೆ. ಎರಡಕ್ಕೂ ತಾಳೆ ಆಗದಿದ್ದರೆ "18 ಬುಧವಾರವೋ, 19 ಗುರುವಾರವೋ" ಅಂತ ಅಲ್ಲೇ ಕೇಳಿಬಿಡಿ.

ಕಾಲೇಜಿನವರು ಕಳಿಸಿದ ಮೇಲ್‌ಗೇ ಉತ್ತರವಾಗಿ ಬರೆಯಿರಿ. ಹೊಸ ಮೇಲ್ ಬೇಡ. ಹಳೆಯದರ ಕೆಳಗೇ ಇದ್ದರೆ ಅವರು ಹುಡುಕುವ ಕಷ್ಟ ಇರುವುದಿಲ್ಲ.

ಪ್ರಶ್ನೆ ಕೇಳಿದರೆ "ಇವಳಿಗೆ ಏನೂ ಗೊತ್ತಿಲ್ಲ" ಅಂದುಕೊಳ್ಳುವುದಿಲ್ಲವೇ?

ಇಲ್ಲ. ಆಫೀಸಿನವರು ಒಂದು ಸಾಲಿನಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರಾಗುವುದು ಎರಡು ಸಲ. ಒಂದು, ಅವರೇ ಬರೆದು ಕಳಿಸಿದ್ದನ್ನು ಮತ್ತೆ ಕೇಳಿದಾಗ. ಮೇಲ್‌ನ ಕೊನೆಯಲ್ಲಿ "ಮೂಲ ದಾಖಲೆಗಳೊಂದಿಗೆ ಹಾಜರಾಗುವುದು" ಅಂತ ಇದ್ದೇ ಇರುತ್ತದೆ. ಅದನ್ನು ಓದದೆ "ಒರಿಜಿನಲ್ ತರಬೇಕಾ" ಅಂತ ಕೇಳಿದರೆ ಚೆನ್ನಾಗಿರುವುದಿಲ್ಲ. ಇನ್ನೊಂದು, ಪ್ರಶ್ನೆಗಳನ್ನು ಬಿಡಿ ಬಿಡಿಯಾಗಿ ಕಳಿಸಿದಾಗ. ಶುಕ್ರವಾರ ಒಂದು, ಶನಿವಾರ ಒಂದು, ಸೋಮವಾರ ಫೋನಿನಲ್ಲಿ ಇನ್ನೊಂದು ಅಂದರೆ ಮೂರನೆಯದಕ್ಕೆ ಯಾರಿಗಾದರೂ ಸಾಕಾಗುತ್ತದೆ. ಎಲ್ಲವನ್ನೂ ಒಟ್ಟಿಗೆ, ಒಂದೇ ಸಲ ಕೇಳಿ.

ವಿನಯವಾಗಿ ಕೇಳುವುದು ಅಂದರೆ ಹೇಗೆ? "ದಯವಿಟ್ಟು" ಹಾಕಿದರೆ ಸಾಕಾ?

ಕನ್ನಡದಲ್ಲಿ ವಿನಯ ಇರುವುದು ಹೆಚ್ಚಾಗಿ ಕ್ರಿಯಾಪದದ ಕೊನೆಯಲ್ಲಿ. "ಕೂಡಲೇ ತಿಳಿಸಿ" ಅನ್ನುವುದರ ಮುಂದೆ ಎಷ್ಟು "ದಯವಿಟ್ಟು" ಇಟ್ಟರೂ ಅದು ಅಪ್ಪಣೆಯೇ. "ತಿಳಿಸಿದರೆ ಉಪಕಾರವಾಗುತ್ತದೆ" ಅಂದರೆ ತಿಳಿಸುವುದೂ ಬಿಡುವುದೂ ಅವರ ಕೈಯಲ್ಲಿದೆ. "ತಿಳಿಯಬೇಕು" ಅನ್ನುವುದಕ್ಕೂ "ತಿಳಿದುಕೊಳ್ಳಬೇಕಿತ್ತು" ಅನ್ನುವುದಕ್ಕೂ ಇರುವ ವ್ಯತ್ಯಾಸ ನೋಡಿ. ನಾವು ಅಂಗಡಿಯಲ್ಲೂ "ಒಂದು ಮಾತು ಕೇಳಬೇಕಿತ್ತು" ಅಂತಲೇ ಅಲ್ವಾ ಶುರು ಮಾಡುವುದು? ಅದೇ ಮಾತು ಪತ್ರದಲ್ಲೂ ಬರಲಿ.

"ತಿಳಿಸತಕ್ಕದ್ದು" ಅಂತ ಬರೆದವರನ್ನು ಕಂಡಿದ್ದೇನೆ. ಸರ್ಕಾರಿ ಆದೇಶ ಓದಿ ಓದಿ ಅಭ್ಯಾಸವಾಗಿರುತ್ತದೆ. ಅದು ಮೇಲಿನವರು ಕೆಳಗಿನವರಿಗೆ ಬರೆಯುವ ಮಾತು. ಇನ್ನು ಕೆಲವರು ಮತ್ತೊಂದು ತುದಿಗೆ ಹೋಗುತ್ತಾರೆ. "ತಮ್ಮ ಘನ ಸನ್ನಿಧಾನದಲ್ಲಿ ವಿನಮ್ರವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ" ಅಂತ ಶುರು ಮಾಡಿದರೆ ಪ್ರಶ್ನೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಕನ್ನಡ ಮೇಷ್ಟ್ರ ಕೆಲಸಕ್ಕೆ ಹೋಗುವವರು ತಿಳಿಯಾಗಿ ಬರೆಯಬಲ್ಲರು ಅನ್ನುವುದಕ್ಕೆ ಈ ಪತ್ರವೇ ಮೊದಲ ಸಾಕ್ಷಿ. ನಾನಂತೂ ಅದನ್ನು ನೋಡುತ್ತೇನೆ.

ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ ಅಂತಲೂ ಕೇಳುತ್ತಾರೆ. ಅವರು ಯಾವುದರಲ್ಲಿ ಬರೆದರೋ ಅದರಲ್ಲಿ. ಕನ್ನಡ ಹುದ್ದೆಯಾದರೆ ಅವರು ಇಂಗ್ಲಿಷಿನಲ್ಲಿ ಬರೆದಿದ್ದರೂ ಕನ್ನಡದಲ್ಲಿ ಉತ್ತರಿಸಬಹುದು, ತಪ್ಪಿಲ್ಲ.

ಸಂದರ್ಶನ ಹೇಗಿರುತ್ತದೆ ಅಂತ ಕೇಳುವಾಗ ನಿಜವಾಗಿ ಏನನ್ನು ಕೇಳಬೇಕು?

ಡೆಮೊ ಕ್ಲಾಸಿನ ವಿಚಾರ ಕೇಳಿ. ಉಳಿದದ್ದೆಲ್ಲ ಆಮೇಲೆ.

"ಇಂಟರ್‌ವ್ಯೂ ಫಾರ್ಮ್ಯಾಟ್ ಹೇಗೆ" ಅಂತ ಕೇಳಿದರೆ "ಡೆಮೊ ಮತ್ತು ಪರ್ಸನಲ್ ಇಂಟರ್‌ವ್ಯೂ" ಅಂತ ಒಂದು ಸಾಲು ಬರುತ್ತದೆ. ಅದು ನಿಮಗೂ ಗೊತ್ತಿತ್ತು. ನಿಮ್ಮ ತಯಾರಿಯನ್ನು ಬದಲಾಯಿಸುವ ಸಂಗತಿಗಳು ಬೇರೆ. ಡೆಮೊ ಎಷ್ಟು ನಿಮಿಷ? ಪಾಠ ಯಾರು ಆರಿಸುತ್ತಾರೆ? ಯಾವ ತರಗತಿಯ ಮಕ್ಕಳಿಗೆ? ಎದುರಿಗೆ ವಿದ್ಯಾರ್ಥಿಗಳು ಇರುತ್ತಾರಾ, ಇಲ್ಲಾ ಪ್ಯಾನೆಲ್ ಮಾತ್ರವಾ? ಎಲ್ಲವನ್ನೂ ಕೇಳಿದರೆ ಉದ್ದವಾಗುತ್ತದೆ. ಸಮಯ ಮತ್ತು ಪಾಠ, ಈ ಎರಡು ಮುಖ್ಯ. ಪ್ರೊಜೆಕ್ಟರ್ ಬಳಸುವ ಯೋಚನೆ ಇದ್ದರೆ ಮಾತ್ರ ಅದನ್ನೂ ಸೇರಿಸಿ.

ಈ ಕೊನೆಯ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಎರಡನೇ ಸಂದರ್ಶನಕ್ಕೆ ಹಳೆಗನ್ನಡದ ಒಂದು ಪದ್ಯವನ್ನು ಇಪ್ಪತ್ತು ಸ್ಲೈಡಿನಲ್ಲಿ ಮಾಡಿಕೊಂಡು ಪೆನ್‌ಡ್ರೈವ್ ಹಿಡಿದು ಹೋಗಿದ್ದೆ. ಒಳಗೆ ಒಂದು ಕಪ್ಪು ಹಲಗೆ, ಎರಡು ತುಂಡು ಸೀಮೆಸುಣ್ಣ. ಪದ್ಯ ಬಾಯಿಪಾಠ ಇರಲಿಲ್ಲ. ಮೊದಲ ಎರಡು ಸಾಲು ಬರೆದು ಮೂರನೆಯದಕ್ಕೆ ನಿಂತುಬಿಟ್ಟೆ. ಆ ಕೆಲಸ ಸಿಗಲಿಲ್ಲ. ಕಾಲೇಜಿನದು ಏನೂ ತಪ್ಪಿರಲಿಲ್ಲ, ನಾನು ಕೇಳಿರಲಿಲ್ಲ ಅಷ್ಟೇ. ಈಗಲೂ ಹೇಳುತ್ತೇನೆ, ಪ್ರೊಜೆಕ್ಟರ್ ಇದೆ ಅಂದರೂ ಹಲಗೆಯ ಮೇಲೆ ಮಾಡುವಷ್ಟು ತಯಾರಿ ಇಟ್ಟುಕೊಂಡು ಹೋಗಿ.

ಹಾಸನದ ಹುಡುಗಿಗೆ ಶನಿವಾರ ಮಧ್ಯಾಹ್ನ ಬಂದ ಉತ್ತರ ಇಷ್ಟೇ: "ಡೆಮೊ 10 ನಿಮಿಷ. ಬಿ.ಕಾಂ. ಮೊದಲ ಸೆಮಿಸ್ಟರ್‌ಗೆ ಹೊಂದುವ ವಿಷಯ, ನಿಮ್ಮ ಆಯ್ಕೆ. ವಿಷಯ ತಜ್ಞರು ಇರುತ್ತಾರೆ. ಒರಿಜಿನಲ್ ಜೊತೆ 2 ಸೆಟ್. ಪಿಡಿಸಿ ಆಗುತ್ತದೆ."

ಇದರಲ್ಲಿ "10 ನಿಮಿಷ" ಅನ್ನುವುದು ಅವಳ ಇಡೀ ತಯಾರಿಯನ್ನು ತಿರುಗಿಸಿತು. ಅವಳು ಸಂಧಿ ಪ್ರಕರಣ ಪೂರ್ತಿ ಮಾಡಬೇಕು ಅಂತಿದ್ದಳು. ಲೋಪ, ಆಗಮ, ಆದೇಶ ಮೂರೂ ಸೇರಿದರೆ ಒಂದು ಗಂಟೆಯ ಪಾಠ. ಹತ್ತು ನಿಮಿಷಕ್ಕೆ ಆಗಮ ಸಂಧಿ ಒಂದನ್ನೇ ಇಟ್ಟುಕೊಂಡೆವು. ಅದರಲ್ಲೂ ಎರಡೇ ಉದಾಹರಣೆ. ಮನೆ + ಅನ್ನು = ಮನೆಯನ್ನು. ಗುರು + ಅನ್ನು = ಗುರುವನ್ನು. ಮೊದಲು ಎರಡನ್ನೂ ಹಲಗೆಯ ಮೇಲೆ ಬರೆದು, ಒಂದು ಕಡೆ ಯಕಾರ, ಇನ್ನೊಂದು ಕಡೆ ವಕಾರ ಯಾಕೆ ಬಂತು ಅಂತ ಮಕ್ಕಳನ್ನೇ ಕೇಳುವುದು. ನಿಯಮ ಆಮೇಲೆ. ಬಿ.ಕಾಂ. ಮಕ್ಕಳು ಅಂತ ಗೊತ್ತಾದದ್ದೂ ಒಳ್ಳೆಯದೇ ಆಯಿತು. ಅವರು ಕನ್ನಡವನ್ನು ಭಾಷಾ ವಿಷಯವಾಗಿ ಓದುವವರು. ಐಚ್ಛಿಕ ಕನ್ನಡದ ತರಗತಿಗೆ ಮಾಡುವಂತೆ ಸೂತ್ರಗಳಿಂದ ಶುರು ಮಾಡಿದರೆ ಹಿಂದಿನ ಬೆಂಚು ಹೊರಗೆ ನೋಡುತ್ತದೆ, ಅದು ಪ್ಯಾನೆಲ್‌ನವರಿಗೂ ಗೊತ್ತು.

ಪ್ಯಾನೆಲ್‌ನಲ್ಲಿ ಯಾರಿರುತ್ತಾರೆ ಅಂತ ಕೇಳಬಹುದಾ?

ಹುದ್ದೆ ಕೇಳಬಹುದು, ಹೆಸರು ಕೇಳಬಾರದು. "ವಿಷಯ ತಜ್ಞರು ಇರುತ್ತಾರೆಯೇ" ಅನ್ನುವುದು ತಯಾರಿಯ ಪ್ರಶ್ನೆ. "ಯಾರು ಬರುತ್ತಾರೆ" ಅನ್ನುವುದು, ನಿಮ್ಮ ಮನಸ್ಸಿನಲ್ಲಿ ಏನೇ ಇರಲಿ, ಶಿಫಾರಸಿಗೆ ದಾರಿ ಹುಡುಕಿದ ಹಾಗೆ ಕೇಳಿಸುತ್ತದೆ. ಕನ್ನಡ ವಿಭಾಗಗಳ ಲೋಕ ಚಿಕ್ಕದು. ಹೆಸರು ಗೊತ್ತಾದರೆ ಅವರ ಶಿಷ್ಯರು ಯಾರು, ಊರು ಯಾವುದು ಅಂತ ಫೋನುಗಳು ಓಡಾಡುತ್ತವೆ. ಅದಕ್ಕೇ ಆಫೀಸಿನವರು ಹೆಸರು ಹೇಳುವುದಿಲ್ಲ.

ಖಾಸಗಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು, ಆಡಳಿತ ಮಂಡಳಿಯ ಒಬ್ಬರು ಇರುತ್ತಾರೆ. ಹೊರಗಿನ ವಿಷಯ ತಜ್ಞರು ಕೆಲವು ಕಡೆ ಇರುತ್ತಾರೆ, ಕೆಲವು ಕಡೆ ಇಲ್ಲ. ಅದಕ್ಕೇ ಅದೊಂದನ್ನೇ ಕೇಳುವುದು. ತಜ್ಞರು ಇದ್ದರೆ ನಿಮ್ಮ ಡೆಮೊದ ಒಳಗಿನಿಂದಲೇ ಪ್ರಶ್ನೆ ಬರುತ್ತದೆ. ಹುಡುಗಿಗೆ ಬಂದದ್ದು ಹೀಗೆ: "ಹೊಲ ಅನ್ನುವುದು ಅಕಾರದಲ್ಲಿ ಮುಗಿಯುತ್ತದೆ. ಹೊಲವನ್ನು ಅಂತ ವಕಾರ ಬರುತ್ತದಲ್ಲ, ನಿಮ್ಮ ಹಲಗೆ ಮೇಲೆ ಅದು ಎಲ್ಲಿದೆ?" ಹಲಗೆಯ ಮೇಲೆ ಇರಲಿಲ್ಲ, ಆದರೆ ಓದಿಕೊಂಡಿದ್ದಳು. ಹೇಳಿದಳು. ಆಡಳಿತ ಮಂಡಳಿಯವರು ಕೇಳುವುದು ಬೇರೆ ತರಹ: ಎಷ್ಟು ವರ್ಷ ಇರುತ್ತೀರಿ, ವಾರಕ್ಕೆ 16 ಗಂಟೆ ಪಾಠ ಆಗುತ್ತದಾ, ಕನ್ನಡ ಸಂಘ ನೋಡಿಕೊಳ್ಳುತ್ತೀರಾ.

ಒಂದು ಸಂದರ್ಭದಲ್ಲಿ ಮಾತ್ರ ನೀವೇ ಬಾಯಿ ಬಿಡಬೇಕು. ತಜ್ಞರಾಗಿ ಬಂದವರು ನಿಮ್ಮ ಪಿಎಚ್‌.ಡಿ. ಮಾರ್ಗದರ್ಶಕರೋ, ಹತ್ತಿರದ ಸಂಬಂಧಿಕರೋ ಆಗಿದ್ದು ಅದು ನಿಮಗೆ ಮೊದಲೇ ತಿಳಿದರೆ, ಆಫೀಸಿಗೆ ಒಂದು ಸಾಲು ಬರೆದುಬಿಡಿ. ಆಮೇಲೆ ಬೇರೆಯವರು ಹೇಳಿ ಗೊತ್ತಾದರೆ ಇಬ್ಬರಿಗೂ ಕೆಟ್ಟ ಹೆಸರು.

ಸರ್ಕಾರಿ ನೇಮಕಾತಿಯಲ್ಲಿ ಪ್ಯಾನೆಲ್ ಬಗ್ಗೆ ಕೇಳಲೇಬೇಡಿ. ಅಲ್ಲಿ ಪ್ರಭಾವ ಬೀರಲು ನೋಡಿದರೆ ಅನರ್ಹಗೊಳಿಸುತ್ತೇವೆ ಅಂತ ಅಧಿಸೂಚನೆಯಲ್ಲೇ ಇರುತ್ತದೆ. ಯಾವ ದಾಖಲೆ, ಎಷ್ಟು ಪ್ರತಿ ಅನ್ನುವುದೂ ಅಲ್ಲೇ ಅಚ್ಚಾಗಿರುತ್ತದೆ. ಅಧಿಸೂಚನೆ ಓದುವುದೊಂದೇ ಕೆಲಸ.

ಯಾವ ದಾಖಲೆ ತೆಗೆದುಕೊಂಡು ಹೋಗಬೇಕು? ಏನನ್ನು ಕೇಳಬೇಕು, ಏನನ್ನು ಕೇಳದೆ ಒಯ್ಯಬೇಕು?

ಕೇಳದೇ ಒಯ್ಯಬೇಕಾದ್ದು ಜಾಸ್ತಿ, ಕೇಳಬೇಕಾದ್ದು ಕಡಿಮೆ.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಮೊದಲು. ಹುಟ್ಟಿದ ತಾರೀಖಿಗೆ ನಮ್ಮಲ್ಲಿ ಎಲ್ಲರೂ ನೋಡುವುದು ಅದನ್ನೇ. ಆಮೇಲೆ ಪಿಯುಸಿ. ಡಿಗ್ರಿ ಮತ್ತು ಎಂ.ಎ. ಎರಡಕ್ಕೂ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್ ಬೇಕು, ಕೊನೆಯದು ಮಾತ್ರ ಸಾಲದು. ಯಾವುದಾದರೂ ವಿಷಯವನ್ನು ಮರುಪರೀಕ್ಷೆಯಲ್ಲಿ ಪಾಸು ಮಾಡಿದ್ದರೆ ಹಳೆಯದು, ಹೊಸದು ಎರಡೂ ಇರಲಿ. ಘಟಿಕೋತ್ಸವ ಪ್ರಮಾಣಪತ್ರ, ಅಂದರೆ ಕಾನ್ವೊಕೇಷನ್ ಸರ್ಟಿಫಿಕೇಟ್. ಅದು ಬರುವ ತನಕ ವಿಶ್ವವಿದ್ಯಾಲಯ ಕೊಡುವ ತಾತ್ಕಾಲಿಕ ಪದವಿ ಪ್ರಮಾಣಪತ್ರವೇ ಪಿಡಿಸಿ.

ಎಂ.ಎ.ಯಲ್ಲಿ ಶೇಕಡಾವಾರು ಎಷ್ಟು ಅನ್ನುವುದು ಮುಖ್ಯ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರದಲ್ಲಿ 55% ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ 5% ಸಡಿಲಿಕೆ ಇದೆ. ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಗ್ರೇಡ್ ಪಾಯಿಂಟ್ ಮಾತ್ರ ಇದ್ದರೆ ಅದನ್ನು ಶೇಕಡಾವಾರಿಗೆ ಬದಲಾಯಿಸುವ ಲೆಕ್ಕವನ್ನು ವಿಶ್ವವಿದ್ಯಾಲಯವೇ ಕೊಟ್ಟಿರಬೇಕು. ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿದೆಯಾ ನೋಡಿ. ಜೆರಾಕ್ಸ್ ಮಾಡಿಸುವಾಗ ಆ ಹಿಂಭಾಗವೂ ಬರಬೇಕು. ಅಂಗಡಿಯವರು ಒಂದೇ ಕಡೆ ತೆಗೆದು ಕೊಡುವುದೇ ಜಾಸ್ತಿ.

ನೆಟ್ ಅಥವಾ ಕೆ-ಸೆಟ್ ಆಗಿದ್ದರೆ ಅದರ ಪ್ರಮಾಣಪತ್ರ. ಕೆ-ಸೆಟ್ ಅನ್ನು 2021ರವರೆಗೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, 2023ರ ಕೆ-ಸೆಟ್‌ನಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಕಳೆದುಹೋಗಿದ್ದರೆ ನೀವು ಪಾಸಾದ ವರ್ಷ ನೋಡಿ ಸರಿಯಾದ ಕಡೆ ಕೇಳಬೇಕು. ಫಲಿತಾಂಶದ ಪ್ರಿಂಟ್ ಮಾತ್ರ ಇದ್ದರೆ, ಅದು ನಡೆಯುತ್ತದಾ ಅನ್ನುವುದು ಪತ್ರದಲ್ಲಿ ಕೇಳಬೇಕಾದ ಪ್ರಶ್ನೆ.

ಮೊದಲು ಎಲ್ಲಾದರೂ ಕೆಲಸ ಮಾಡಿದ್ದರೆ ಅನುಭವ ಪತ್ರ. ಅದರಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ಪ್ರಿನ್ಸಿಪಾಲರ ಸಹಿ, ಸೀಲು ಎಲ್ಲ ಇರಬೇಕು. "2 ವರ್ಷ ಚೆನ್ನಾಗಿ ಕೆಲಸ ಮಾಡಿದ್ದಾರೆ" ಅಂತ ಮಾತ್ರ ಇರುವ ಪತ್ರವನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ. ಇದರ ಜೊತೆ ಆಧಾರ್, ಪ್ಯಾನ್, ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೊ, ಬಯೋಡೇಟಾದ ಮೂರು ಪ್ರತಿ. ಅನ್ವಯಿಸಿದರೆ ಜಾತಿ ಪ್ರಮಾಣಪತ್ರ.

ಕೇಳಬೇಕಾದ್ದು ಮೂರೇ: ಎಷ್ಟು ಸೆಟ್ ಜೆರಾಕ್ಸ್, ಕಾಲೇಜಿನದೇ ಅರ್ಜಿ ನಮೂನೆ ತುಂಬಿ ತರಬೇಕಾ, ನಿಮ್ಮ ಬಳಿ ಇಲ್ಲದ ದಾಖಲೆಗೆ ಬದಲಾಗಿ ಏನು ನಡೆಯುತ್ತದೆ. ಜೆರಾಕ್ಸ್ ಪ್ರತಿ ಪುಟಕ್ಕೂ ನೀವೇ ಸಹಿ ಹಾಕಿ ತಾರೀಖು ಬರೆಯಿರಿ. ಗೆಜೆಟೆಡ್ ಅಧಿಕಾರಿಯ ಸಹಿ ಬೇಕು ಅಂತ ಅವರು ಹೇಳಿದರೆ ಮಾತ್ರ ಅದಕ್ಕೆ ಓಡಾಡಿ.

ಒಂದೊಂದು ದಾಖಲೆಯಲ್ಲಿ ಹೆಸರು ಒಂದೊಂದು ತರಹ ಇದೆ. ಮೊದಲೇ ಹೇಳಬೇಕಾ?

ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಬೇಡ. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ಡಿಗ್ರಿಯಲ್ಲಿ ಮೊದಲಿಗೆ, ಆಧಾರ್‌ನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು. ಇದು ನಮ್ಮ ಕಡೆ ಮನೆಮನೆಯ ಕಥೆ, ಆಫೀಸಿನವರು ದಿನಾ ನೋಡುತ್ತಾರೆ. ಹೆಸರೇ ಬದಲಾಗಿದ್ದರೆ, ಮದುವೆಯ ನಂತರ ಗಂಡನ ಹೆಸರು ಸೇರಿದ್ದರೆ, ಪುರಾವೆ ಜೊತೆಗಿರಲಿ: ಮದುವೆ ನೋಂದಣಿ ಪ್ರಮಾಣಪತ್ರ, ಅಥವಾ ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್. ಅರ್ಜಿಯಲ್ಲಿ ಮತ್ತು ಒಪ್ಪಿಗೆ ಪತ್ರದಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಹಾಗೇ ಹೆಸರು ಬರೆದರೆ ಪಟ್ಟಿ ಹಿಡಿದವರಿಗೆ ಗೊಂದಲವಾಗುವುದಿಲ್ಲ.

ಒರಿಜಿನಲ್‌ಗಳು ಈಗಿನ ಕಾಲೇಜಿನಲ್ಲಿವೆ. ಏನು ಬರೆಯಲಿ?

ಇದ್ದದ್ದನ್ನು ಇದ್ದ ಹಾಗೆ. "ನನ್ನ ಎಂ.ಎ. ಮೂಲ ಅಂಕಪಟ್ಟಿಗಳು ಈಗ ಕೆಲಸ ಮಾಡುತ್ತಿರುವ ಕಾಲೇಜಿನಲ್ಲಿವೆ. ಅಂದು ಜೆರಾಕ್ಸ್ ಮತ್ತು ಡಿಜಿಲಾಕರ್ ಪ್ರತಿ ತೋರಿಸಬಹುದೇ? ಆಯ್ಕೆಯಾದರೆ ಸೇರುವ ಮೊದಲು ಮೂಲ ಪ್ರತಿ ತಂದುಕೊಡುತ್ತೇನೆ." ಇಷ್ಟು ಸಾಕು. ಅಲ್ಲಿ ಹೋಗಿ ನಿಂತ ಮೇಲೆ ಹೇಳಿದರೆ ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ನಾಲ್ಕು ದಿನ ಮೊದಲು ಹೇಳಿದರೆ ಅದೊಂದು ಮಾಹಿತಿ ಅಷ್ಟೇ.

ಸಂದರ್ಶನದ ದಿನ ಒರಿಜಿನಲ್ ತೋರಿಸಿ, ತಾಳೆ ನೋಡಿದ ಮೇಲೆ ವಾಪಸ್ ತೆಗೆದುಕೊಳ್ಳಿ. ಕೊಟ್ಟು ಬರಬೇಡಿ. ಕೆಲಸಕ್ಕೆ ಸೇರುವಾಗ ಇಟ್ಟುಕೊಳ್ಳುತ್ತೇವೆ ಅಂದರೆ ಯಾಕೆ, ಎಷ್ಟು ದಿನ ಅಂತ ಕೇಳಿ. ಕೊಡಲೇಬೇಕಾಗಿ ಬಂದರೆ ಒಂದೊಂದರ ಹೆಸರು ಬರೆದು, ಸೀಲು ಹಾಕಿದ ರಸೀದಿ ಪಡೆಯಿರಿ. ಹಾಗೆ ಬಾಯಿಮಾತಿನಲ್ಲಿ ಕೊಟ್ಟು, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಾಗ ಮಾರ್ಕ್ಸ್ ಕಾರ್ಡ್ ಕೈಗೆ ಬಾರದೆ ಅತ್ತವರು ನನಗೆ ಗೊತ್ತು. ಈ ವಿಷಯದಲ್ಲಿ ಸಂಕೋಚ ಬೇಡವೇ ಬೇಡ.

ಕೊಟ್ಟ ಸಮಯಕ್ಕೆ ಹೋಗಲು ಆಗದಿದ್ದರೆ?

ಅದನ್ನು ಪ್ರಶ್ನೆಗಳ ಜೊತೆ ಕಲಸಬೇಡಿ. ಮೊದಲು ಅದೊಂದನ್ನೇ ಬರೆಯಿರಿ: ಬರುವ ಮನಸ್ಸಿದೆ, ಆ ಹೊತ್ತಿಗೆ ಯಾಕೆ ಆಗುವುದಿಲ್ಲ ಅನ್ನುವುದು ಒಂದೇ ಮಾತಿನಲ್ಲಿ, ನಿಮಗೆ ಆಗುವ ಎರಡು ಬೇರೆ ಸಮಯ. ವಿಶ್ವವಿದ್ಯಾಲಯದ ಪರೀಕ್ಷೆ, ಈಗಿನ ಕಾಲೇಜಿನಲ್ಲಿ ಪರೀಕ್ಷಾ ಮೇಲ್ವಿಚಾರಣೆ, ಇಂಥವನ್ನು ಅವರು ಒಪ್ಪುತ್ತಾರೆ. ತಜ್ಞರು ಒಂದೇ ದಿನ ಬರುವುದರಿಂದ ದಿನ ಬದಲಾಯಿಸುವುದು ಕಷ್ಟ. ಅದೇ ದಿನ ಮಧ್ಯಾಹ್ನ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ದೂರದಿಂದ ಬರುವವರು ಬಸ್ಸಿನ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. ಹಾಸನದಿಂದ ಮೈಸೂರಿಗೆ ಮೂರು ಗಂಟೆ ಹಿಡಿಯುತ್ತದೆ. ಹುಡುಗಿ 10.30 ಒಪ್ಪಿಕೊಂಡದ್ದು ಬೆಳಿಗ್ಗೆ ಆರರ ಬಸ್ಸು ಹಿಡಿಯುತ್ತೇನೆ ಅನ್ನುವ ಖಾತ್ರಿಯ ಮೇಲೆ.

ಕರೆ ಫೋನಿನಲ್ಲೇ ಬಂತು. ಅಲ್ಲೇ ಎಲ್ಲ ಕೇಳಿಬಿಡಬಹುದಾ?

ಫೋನ್ ಮಾಡಿದವರು ಇನ್ನೂ ಎಂಟು ಜನರಿಗೆ ಮಾಡಬೇಕಾಗಿರುತ್ತದೆ. "ಬರುತ್ತೇನೆ ಸರ್. ಬುಧವಾರ 18, ಹತ್ತೂವರೆಗೆ, ಆಡಳಿತ ಕಚೇರಿಗೆ, ಅಲ್ವಾ ಸರ್? ಒಂದೆರಡು ವಿಷಯ ಕೇಳಬೇಕಿತ್ತು, ಮೇಲ್ ಮಾಡಲಾ?" ಅಂತ ಕೇಳಿ. "ಈಗಲೇ ಕೇಳಿ" ಅಂದರೆ ಡೆಮೊದ ಸಮಯ ಮತ್ತು ಪಾಠ ಕೇಳಿ, ಉಳಿದದ್ದು ಮೇಲ್‌ಗೆ. ಯಾರು ಮಾತಾಡಿದರು ಅಂತ ಹೆಸರು ಬರೆದಿಟ್ಟುಕೊಳ್ಳಿ, ಬಾಗಿಲಲ್ಲಿ ಉಪಯೋಗಕ್ಕೆ ಬರುತ್ತದೆ. ವಾಟ್ಸಾಪ್‌ನಲ್ಲಿ ಕರೆದಿದ್ದರೆ ಅಲ್ಲೇ ಉತ್ತರಿಸಿ, ಆದರೆ ಪೂರ್ತಿ ವಾಕ್ಯದಲ್ಲಿ. ಬರೀ "ಓಕೆ ಸರ್" ಅಂತ ಹೆಬ್ಬೆರಳು ಕಳಿಸಿದರೆ ಯಾವುದಕ್ಕೆ ಒಪ್ಪಿದಿರಿ ಅನ್ನುವುದು ಉಳಿಯುವುದಿಲ್ಲ.

ಸಂದರ್ಶನ ಆನ್‌ಲೈನ್ ಆದರೆ?

ಲಿಂಕ್ ಯಾವಾಗ ಬರುತ್ತದೆ, ಡೆಮೊಗೆ ಸ್ಕ್ರೀನ್ ತೋರಿಸಬಹುದೇ, ದಾಖಲೆಗಳನ್ನು ಮೊದಲೇ ಪಿಡಿಎಫ್ ಮಾಡಿ ಕಳಿಸಬೇಕೇ. ಈ ಮೂರು ಕೇಳಿ.

ಸಂಬಳದ ಬಗ್ಗೆ ಇದೇ ಪತ್ರದಲ್ಲಿ ಕೇಳಬಹುದಾ?

ಬೇಡ. ಪಟ್ಟಿ ಹಿಡಿದವರ ಕೈಯಲ್ಲಿ ಅದು ಇರುವುದಿಲ್ಲ. ಪ್ಯಾನೆಲ್‌ನವರು "ನಿಮ್ಮದೇನಾದರೂ ಪ್ರಶ್ನೆ ಇದೆಯಾ" ಅಂದಾಗ ಕೇಳಿ, ಧಾರಾಳವಾಗಿ ಕೇಳಿ. ಆದರೆ ಕರೆ ಕಳಿಸಿದವರೇ ಸಂದರ್ಶನಕ್ಕೆ ಮುಂಚೆ ನೋಂದಣಿ ಶುಲ್ಕ, ದಾಖಲೆ ಪರಿಶೀಲನೆ ಶುಲ್ಕ ಅಂತ ನಿಮ್ಮಿಂದ ದುಡ್ಡು ಕೇಳಿದರೆ ಕಳಿಸಬೇಡಿ. ಕಾಲೇಜಿನ ವೆಬ್‌ಸೈಟಿನಲ್ಲಿರುವ ಆಫೀಸ್ ನಂಬರಿಗೆ ನೀವೇ ಫೋನ್ ಮಾಡಿ, ಅಂಥ ಸಂದರ್ಶನ ಇದೆಯಾ ಅಂತ ವಿಚಾರಿಸಿ.

ಉತ್ತರವೇ ಬರಲಿಲ್ಲ. ಮತ್ತೆ ಕೇಳಬಹುದಾ?

ಒಂದು ಸಲ. ಸಂದರ್ಶನದ ಹಿಂದಿನ ಕೆಲಸದ ದಿನ ಬೆಳಿಗ್ಗೆ ಹನ್ನೊಂದರ ಮೇಲೆ ಫೋನ್ ಮಾಡಿ. ಹತ್ತು ಗಂಟೆಗೆ ಆಫೀಸಿನಲ್ಲಿ ಮಕ್ಕಳ ಸಾಲು ಇರುತ್ತದೆ. "ಶುಕ್ರವಾರ ಒಂದು ಮೇಲ್ ಕಳಿಸಿದ್ದೆ ಮೇಡಂ, ಡೆಮೊ ಎಷ್ಟು ನಿಮಿಷ ಅಂತ ಗೊತ್ತಾಗಬೇಕಿತ್ತು" ಅಂತ ಅದೊಂದನ್ನೇ ಕೇಳಿ. "ಉತ್ತರ ಕೊಡಲಿಲ್ಲ" ಅನ್ನುವ ಮಾತು ಬರುವುದು ಬೇಡ. ಅಲ್ಲೂ ಗೊತ್ತಾಗದಿದ್ದರೆ ಒಂದೇ ಪಾಠವನ್ನು ಹತ್ತು ನಿಮಿಷಕ್ಕೂ ಇಪ್ಪತ್ತು ನಿಮಿಷಕ್ಕೂ ಆಗುವ ಹಾಗೆ ಮಾಡಿಕೊಳ್ಳಿ. ಮೊದಲ ಹತ್ತು ನಿಮಿಷ ತಾನೇ ಒಂದು ಪೂರ್ತಿ ಪಾಠದ ಹಾಗಿರಲಿ, ಉಳಿದದ್ದು ಅದರ ಮೇಲೆ ಇನ್ನಷ್ಟು ಉದಾಹರಣೆ. ಜೆರಾಕ್ಸ್ ಮೂರು ಸೆಟ್ ಒಯ್ಯಿರಿ.

ಉತ್ತರ ಬಂದ ಮೇಲೆ ಮತ್ತೆ ಏನಾದರೂ ಬರೆಯಬೇಕಾ?

ಒಂದೇ ಸಾಲು. ಹುಡುಗಿ ಶನಿವಾರವೇ ಬರೆದಳು: "ಮಾಹಿತಿಗೆ ಧನ್ಯವಾದಗಳು. ಡೆಮೊಗೆ ಆಗಮ ಸಂಧಿ ಆರಿಸಿಕೊಂಡಿದ್ದೇನೆ. ಬುಧವಾರ ಬರುತ್ತೇನೆ." ಪಾಠದ ಹೆಸರು ಅದರಲ್ಲಿ ಇದ್ದದ್ದರಿಂದ ಆಫೀಸಿನವರು ಅದನ್ನು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬರೆದುಕೊಂಡಿದ್ದರು. ಬುಧವಾರ ಅವಳು ಒಳಗೆ ಹೋದಾಗ ತಜ್ಞರ ಕೈಯಲ್ಲಿ ಆ ಪಟ್ಟಿ ಇತ್ತು. "ಆಗಮ ಸಂಧಿ ಅಲ್ವಾ? ಶುರು ಮಾಡಿ" ಅಂದರಂತೆ.